ವಿಜ್ಞಾನ ಮೇಳಕ್ಕೆ ಶಾಲೆಯಿಂದ ಬರುವ ಚೀಟಿ: ಪೋಷಕರ ಜೇಬಿಗೆ ಭಾರ ಆಗದಂತೆ ಬರೆಯೋದು ಹೇಗೆ?

ಫೆಬ್ರವರಿ ಬಂತೆಂದರೆ ತಾಲೂಕು ಕೇಂದ್ರದ ಸ್ಟೇಷನರಿ ಅಂಗಡಿಗಳಲ್ಲಿ ಒಂದು ದೃಶ್ಯ ಸಾಮಾನ್ಯ. ರಾತ್ರಿ ಎಂಟು ಗಂಟೆ, ಬಾಗಿಲು ಹಾಕುವ ಹೊತ್ತು. ಯೂನಿಫಾರ್ಮ್ ಕೂಡ ಬಿಚ್ಚದ ಹುಡುಗನೊಬ್ಬ ಅಪ್ಪನ ಜೊತೆ ಬಂದು ನಿಲ್ಲುತ್ತಾನೆ. ಕೈಯಲ್ಲಿ ಮಡಚಿದ ಚೀಟಿ. ‘ಥರ್ಮಾಕೋಲ್ ಐತಾ ಅಣ್ಣ? ಚಾರ್ಟು, ಗಮ್ಮು, ಸ್ಕೆಚ್ ಪೆನ್ನು. ನಾಳೆನೇ ತರಬೇಕಂತೆ.’ ಅಪ್ಪ ಒಂದೊಂದರ ರೇಟು ಕೇಳುತ್ತಾನೆ. ಕೊನೆಗೆ ‘ಬರ್ಕೊಳ್ಳಿ, ಸಂತೆ ದಿನ ಕೊಡ್ತೀನಿ’ ಅನ್ನುತ್ತಾನೆ.

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಸಿ.ವಿ. ರಾಮನ್ ಅವರು 1928ರಲ್ಲಿ ಅದೇ ದಿನ ‘ರಾಮನ್ ಪರಿಣಾಮ’ದ ಶೋಧವನ್ನು ಪ್ರಕಟಿಸಿದ್ದರ ನೆನಪಿಗೆ 1987ರಿಂದ ಇದನ್ನು ಆಚರಿಸಲಾಗುತ್ತಿದೆ. ಹೀಗಾಗಿ ಬಹಳಷ್ಟು ಶಾಲೆಗಳ ವಿಜ್ಞಾನ ವಸ್ತು ಪ್ರದರ್ಶನ ಈ ದಿನದ ಆಸುಪಾಸಿನಲ್ಲೇ ಬೀಳುತ್ತದೆ. ಅದಕ್ಕೂ ಮೊದಲು ಮನೆಗಳಿಗೆ ಒಂದು ಚೀಟಿ ಹೋಗುತ್ತದೆ: ಸಾಮಾನು ಕಳಿಸಿ, ಸಹಾಯಕ್ಕೆ ಬನ್ನಿ ಅಂತ. ಆ ಚೀಟಿಯನ್ನು ಬರೆಯುವ ರೀತಿಯ ಮೇಲೆ ಎಷ್ಟು ಮನೆಗಳಲ್ಲಿ ಸಾಲ ಆಗುತ್ತದೆ, ಎಷ್ಟು ಮಕ್ಕಳು ಅವತ್ತು ‘ಹೊಟ್ಟೆ ನೋವು’ ಅಂತ ಮನೆಯಲ್ಲೇ ಉಳಿಯುತ್ತಾರೆ ಅನ್ನೋದು ನಿಂತಿದೆ.

ಎರಡು ಸಾಲಿನ ಚೀಟಿ ಮಾಡುವ ಅನಾಹುತ

ಸಾಮಾನ್ಯವಾಗಿ ಹೋಗುವ ಚೀಟಿ ಹೀಗಿರುತ್ತದೆ: ‘ನಿಮ್ಮ ಮಗು ವಿಜ್ಞಾನ ಮೇಳದಲ್ಲಿ ಭಾಗವಹಿಸುತ್ತಿದ್ದು, ಅಗತ್ಯ ಸಾಮಗ್ರಿಗಳಾದ ಚಾರ್ಟ್, ಥರ್ಮಾಕೋಲ್, ಗಮ್, ಸ್ಕೆಚ್ ಪೆನ್, ತಾಮ್ರದ ತಂತಿ, ಎಲ್‌ಇಡಿ ಇತ್ಯಾದಿ ಕಳುಹಿಸಿಕೊಡುವುದು. ಪೋಷಕರು ತಪ್ಪದೇ ಹಾಜರಿರತಕ್ಕದ್ದು.’

ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಇದು ಮನೆ ತಲುಪಿದ ಮೇಲೆ ಏನಾಗುತ್ತದೆ ನೋಡಿ.

ಮೊದಲನೆಯದು, ‘ಎಲ್‌ಇಡಿ’ ಅಂದರೆ ಮೇಷ್ಟ್ರ ಲೆಕ್ಕದಲ್ಲಿ ಎರಡು ಕಾಲಿನ, ಕಡ್ಲೆಕಾಳಿನಷ್ಟು ಪುಟ್ಟ ಕೆಂಪು ದೀಪ. ಎರಡು ಮೂರು ರೂಪಾಯಿಗೆ ಸಿಗುತ್ತದೆ. ಮನೆಯವರ ಲೆಕ್ಕದಲ್ಲಿ ಎಲ್‌ಇಡಿ ಅಂದರೆ ಹೋಲ್ಡರ್‌ಗೆ ಹಾಕುವ ಬಲ್ಬು. ಅವರು ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಬಲ್ಬನ್ನೇ ತರುತ್ತಾರೆ. ಅದು ಪ್ರಯೋಗಕ್ಕೆ ಬರುವುದಿಲ್ಲ. ‘ತಾಮ್ರ’ ಅಂತಷ್ಟೇ ಬರೆದಿದ್ದರೆ ದೇವರ ಮನೆಯ ತಾಮ್ರದ ಚೊಂಬು ಶಾಲೆಗೆ ಬಂದು ಕೂತಿರುತ್ತದೆ.

ಎರಡನೆಯದು, ‘ಇತ್ಯಾದಿ’ ಅನ್ನುವ ಪದ. ಕೈಯಲ್ಲಿ ಕಾಸಿದ್ದವರಿಗೆ ಅದು ಇಷ್ಟ ಬಂದದ್ದು ತನ್ನಿ ಅನ್ನೋ ಅರ್ಥ. ಕೂಲಿ ಮನೆಯಲ್ಲಿ ಅದು ಹೆದರಿಕೆ. ಏನು ಬಿಟ್ಟರೆ ಮಗು ಬೈಸಿಕೊಳ್ಳುತ್ತದೋ ಗೊತ್ತಿಲ್ಲದೆ ಎಲ್ಲವನ್ನೂ ಕೊಳ್ಳುತ್ತಾರೆ, ಇಲ್ಲವೇ ಏನನ್ನೂ ಕೊಳ್ಳದೆ ಮಗುವನ್ನೇ ಮನೆಯಲ್ಲಿ ನಿಲ್ಲಿಸಿಕೊಳ್ಳುತ್ತಾರೆ.

ಮೂರನೆಯದು, ‘ತಪ್ಪದೇ ಹಾಜರಿ’. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ. ತಾಯಿ ಒಂದು ದಿನ ಕೆಲಸ ಬಿಟ್ಟು ಶಾಲೆಗೆ ಬಂದರೆ ಹೆಚ್ಚುಕಡಿಮೆ ಅಷ್ಟು ಹೋಯಿತು ಅಂತಲೇ ಅರ್ಥ. ಚೀಟಿಯಲ್ಲಿ ದುಡ್ಡು ಕೇಳಿಲ್ಲದಿರಬಹುದು. ಆದರೆ ಚಾರ್ಟು, ಗಮ್ಮಿಗಿಂತ ದೊಡ್ಡ ಖರ್ಚು ಇದೇ.

ಇನ್ನೊಂದು ವಿಷಯ ಅಂಗಡಿಯವರಿಗೂ ಗೊತ್ತಿರಬೇಕು. ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿರುವ ಒಂದೇ ಬಾರಿ ಬಳಸುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿದೆ. ಶಾಲೆಯ ಚೀಟಿಯಲ್ಲಿ ಅದನ್ನು ಬರೆಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಅದು ಮಾಡುವ ಕೆಲಸವನ್ನು ರಟ್ಟು ಮಾಡುತ್ತದೆ.

ಒಂದು ಶಾಲೆಯ ಲೆಕ್ಕ ಹಾಕೋಣ

ಉದಾಹರಣೆಗೆ ಒಂದು ಹಿರಿಯ ಪ್ರಾಥಮಿಕ ಶಾಲೆ. ಆರು, ಏಳು, ಎಂಟನೇ ತರಗತಿ ಸೇರಿ 60 ಮಕ್ಕಳು. ಐದೈದು ಮಕ್ಕಳ ಗುಂಪು ಮಾಡಿದರೆ 12 ಮಾದರಿಗಳು.

ಪ್ರತಿ ಮಗುವೂ ಚೀಟಿ ನೋಡಿ ಒಂದು ಚಾರ್ಟ್, ಒಂದು ಸಣ್ಣ ಗಮ್, ಒಂದು ಸೆಟ್ ಸ್ಕೆಚ್ ಪೆನ್, ಒಂದು ಥರ್ಮಾಕೋಲ್ ಹಾಳೆ ತಂದಿತು ಅಂದುಕೊಳ್ಳಿ. ಚಾರ್ಟಿಗೆ 10, ಗಮ್ಮಿಗೆ 20, ಪೆನ್ನಿಗೆ 40, ಹಾಳೆಗೆ 30 ಅಂತ ಹಿಡಿದರೂ ತಲೆಗೆ 100 ರೂಪಾಯಿ. 60 ಮನೆಗೆ 6,000 ರೂಪಾಯಿ.

ಈಗ ಶಾಲೆಯೇ ಒಟ್ಟಿಗೆ ಕೊಂಡರೆ? 12 ಮಾದರಿಗೆ 12 ಚಾರ್ಟ್ ಸಾಕು: 120 ರೂಪಾಯಿ. ಅರ್ಧ ಕೆ.ಜಿ. ಗಮ್ ಎಲ್ಲರಿಗೂ ಆಗುತ್ತದೆ: 130. ಎರಡು ಸೆಟ್ ಸ್ಕೆಚ್ ಪೆನ್: 80. ಐದು ಮೀಟರ್ ತಾಮ್ರದ ತಂತಿ: 75. ಕಾಲು ಕೆ.ಜಿ. ಸತುವಿನ ಲೇಪದ ಮೊಳೆ: 40. ಪುಟ್ಟ ಕೆಂಪು ಎಲ್‌ಇಡಿ ಹತ್ತು: 30. ಹೊಸ ಸಿರಿಂಜ್ ಎಂಟು: 64. ಎರಡು ಮೀಟರ್ ಸಣ್ಣ ಪೈಪು: 40. ಒಂದು ಪ್ಯಾಕೆಟ್ ಬಲೂನು: 30. ಒಟ್ಟು 609 ರೂಪಾಯಿ. ಊರಿಂದ ಊರಿಗೆ ರೇಟು ಹೆಚ್ಚುಕಡಿಮೆ ಆಗುತ್ತದೆ, ಆದರೆ ವ್ಯತ್ಯಾಸದ ಅಳತೆ ಅದೇ ಇರುತ್ತದೆ. ಹತ್ತು ಪಟ್ಟು.

ಮೇಳಕ್ಕೆ ದುಡ್ಡು ಬೇಕಾಗಿದ್ದೇ ಕಡಿಮೆ. ಅದನ್ನು 60 ಮನೆಗೆ ಬಿಡಿಬಿಡಿಯಾಗಿ ಹಂಚಿದ್ದರಿಂದ ಖರ್ಚು ಉಬ್ಬಿತು. ಐದು ಮಕ್ಕಳ ಒಂದು ಗುಂಪಿಗೆ ಐದು ಸೆಟ್ ಸ್ಕೆಚ್ ಪೆನ್ ಏಕೆ?

‘ಹಾಗಾದರೆ ತಲೆಗೆ ಹತ್ತು ರೂಪಾಯಿ ಎತ್ತಿಬಿಡೋಣ’ ಅನ್ನೋದು ಸುಲಭದ ಉತ್ತರ. ಇಲ್ಲಿ ಎರಡು ತೊಡಕಿದೆ. ಒಂದು, ಶಿಕ್ಷಣ ಹಕ್ಕು ಕಾಯ್ದೆಯ 3(2)ನೇ ಕಲಂ ಪ್ರಕಾರ ಎಂಟನೇ ತರಗತಿವರೆಗಿನ ಓದಿಗೆ ಅಡ್ಡಿಯಾಗುವಂಥ ಯಾವುದೇ ಶುಲ್ಕ, ಖರ್ಚನ್ನು ಮಗುವಿನ ಮೇಲೆ ಹೊರಿಸುವಂತಿಲ್ಲ. ಎರಡು, ದುಡ್ಡು ಎತ್ತಿದ ಕೂಡಲೇ ‘ಕೊಟ್ಟವರು’ ‘ಕೊಡದವರು’ ಅಂತ ಒಂದು ಪಟ್ಟಿ ಹುಟ್ಟುತ್ತದೆ. ಕೊಡದವರ ಹೆಸರು ಮಾನಿಟರ್ ಬಾಯಲ್ಲಿ ಇಡೀ ತರಗತಿಗೆ ಗೊತ್ತಾಗುತ್ತದೆ. ಹತ್ತು ರೂಪಾಯಿ ಸಣ್ಣದು, ಆ ಅವಮಾನ ಸಣ್ಣದಲ್ಲ. ಹೀಗಾಗಿ ಈ 600 ರೂಪಾಯಿಯನ್ನು ಚೀಟಿ ಬರೆಯುವ ಮೊದಲೇ ಎಸ್‌ಡಿಎಂಸಿ ಸಭೆಯಲ್ಲಿಟ್ಟು, ಶಾಲಾ ಅನುದಾನದಲ್ಲಿ ಅವಕಾಶವಿದೆಯೇ, ಇಲ್ಲವಾದರೆ ಯಾರಾದರೂ ಒಬ್ಬರು ಪೂರ್ತಿ ಕೊಡುತ್ತಾರೆಯೇ ಅಂತ ತೀರ್ಮಾನ ಮಾಡಿಕೊಳ್ಳುವುದು ಒಳ್ಳೆಯದು. ಬಿಲ್ಲನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಮುಂದೆ ಮಾತು ಬರುವುದಿಲ್ಲ.

ಚೀಟಿಗಿಂತ ಮೊದಲು ಪಟ್ಟಿ

ಒಳ್ಳೆ ಚೀಟಿ ಬರೆಯುವ ಮೊದಲು ಮೇಷ್ಟ್ರು 12 ಮಾದರಿಗಳನ್ನು ಗಟ್ಟಿ ಮಾಡಿ, ಬೇಕಾದ ಸಾಮಾನನ್ನು ಎಣಿಸಿ ಮೂರು ಪಾಲು ಮಾಡಬೇಕು. ಮನೆಯಲ್ಲಿ ಸುಮ್ಮನೆ ಬಿದ್ದಿರುವುದು, ಅಂಗಡಿಯಲ್ಲಿ ಉಳಿಯುವುದು, ದುಡ್ಡು ಕೊಟ್ಟೇ ತರಬೇಕಾದದ್ದು. ಮೂರನೆಯ ಪಾಲು ಚೀಟಿಯಲ್ಲಿ ಕಾಣಿಸಿಕೊಳ್ಳಲೇಬಾರದು. ಅದು ಶಾಲೆಯ ಜವಾಬ್ದಾರಿ.

ಯಾವ ಮಾದರಿ ಆರಿಸುತ್ತೇವೆ ಅನ್ನುವುದರಿಂದಲೇ ಅರ್ಧ ಖರ್ಚು ತೀರ್ಮಾನ ಆಗಿಬಿಡುತ್ತದೆ. ನಿಂಬೆ ಬ್ಯಾಟರಿಯನ್ನೇ ತೆಗೆದುಕೊಳ್ಳಿ. ಒಂದು ನಿಂಬೆಹಣ್ಣಿಗೆ ತಾಮ್ರದ ತಂತಿ, ಸತುವಿನ ಲೇಪದ ಮೊಳೆ ಚುಚ್ಚಿದರೆ ಒಂದು ವೋಲ್ಟಿಗಿಂತ ಸ್ವಲ್ಪ ಕಡಿಮೆ ಸಿಗುತ್ತದೆ. ಕೆಂಪು ಎಲ್‌ಇಡಿ ಹೊತ್ತಲು ಎರಡು ವೋಲ್ಟಿನ ಹತ್ತಿರ ಬೇಕು. ಅಂದರೆ ಸಾಲಾಗಿ ಜೋಡಿಸಿದ ಮೂರು ನಾಲ್ಕು ಹಣ್ಣು. ಮಕ್ಕಳು ಕಲಿಯುವಾಗ ಎರಡು ಮೂರು ಸಲ ಹಾಳಾಗುತ್ತದೆ. ಬೇಸಿಗೆ ಶುರುವಾಗುವ ಹೊತ್ತಿಗೆ ನಿಂಬೆಯ ರೇಟು ಏರಿರುತ್ತದೆ. ಅದೇ ಕೆಲಸವನ್ನು ಬಾಟಲಿಯ ಮುಚ್ಚಳಗಳಲ್ಲಿ ಹಾಕಿದ ಹುಣಸೆ ಹುಳಿ ಮಾಡುತ್ತದೆ. ಹುಳಿ ಎರಡರಲ್ಲೂ ಇದೆ, ಆದರೆ ಹುಣಸೆಹಣ್ಣು ಹೆಚ್ಚಿನ ಮನೆಗಳ ಡಬ್ಬದಲ್ಲಿ ಇದ್ದೇ ಇರುತ್ತದೆ.

ಈ ಮಾದರಿ ಕೈಕೊಡುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಎಲ್‌ಇಡಿಯ ಉದ್ದದ ಕಾಲು ತಾಮ್ರದ ಕಡೆ ಇರದಿದ್ದರೆ ಹೊತ್ತುವುದಿಲ್ಲ. ಮೊಳೆಗೆ ಸತುವಿನ ಲೇಪ ಇರದೆ ಬರೀ ಕಬ್ಬಿಣದ್ದಾಗಿದ್ದರೆ ವೋಲ್ಟೇಜ್ ಬಹಳ ಕಡಿಮೆಯಾಗುತ್ತದೆ. ಬಿಳಿ ಎಲ್‌ಇಡಿ ತಂದಿದ್ದರೆ ಅದಕ್ಕೆ ಮೂರು ವೋಲ್ಟಿನಷ್ಟು ಬೇಕು. ಈ ಮೂರೂ ಗೊತ್ತಿರುವುದು ಮೇಷ್ಟ್ರಿಗೆ. ಆದ್ದರಿಂದಲೇ ತಂತಿ, ಮೊಳೆ, ಎಲ್‌ಇಡಿ ಕೊಳ್ಳುವ ಕೆಲಸವನ್ನು ಮನೆಗೆ ಬಿಡಬಾರದು.

ಹೀಗೆ ಎಣಿಸಿದಾಗ ನಮ್ಮ 60 ಮಕ್ಕಳ ಶಾಲೆಗೆ ಮನೆಗಳಿಂದ ಬೇಕಾಗುವುದು ಇಷ್ಟೇ. ನೀರು ಸೋಸುವ ಮಾದರಿಗೆ, ಶ್ವಾಸಕೋಶದ ಮಾದರಿಗೆ ಒಟ್ಟು 16 ಖಾಲಿ ಒಂದು ಲೀಟರ್ ಬಾಟಲಿ. ಬ್ಯಾಟರಿಗೆ, ಚಕ್ರಗಳಿಗೆ 50 ಮುಚ್ಚಳ. 30 ಹಳೇ ಪೇಪರ್ ಹಾಳೆ. ಸೂಜಿರಂಧ್ರ ಕ್ಯಾಮೆರಾಗೆ ನಾಲ್ಕು ಚಪ್ಪಲಿ ಡಬ್ಬ. ನಿಂಬೆ ಗಾತ್ರದ ನಾಲ್ಕು ಉಂಡೆ ಹುಣಸೆಹಣ್ಣು. ಆಮ್ಲ, ಪ್ರತ್ಯಾಮ್ಲ ಗುರುತಿಸುವ ಪ್ರಯೋಗಕ್ಕೆ ಎರಡು ಚಮಚ ಅರಿಶಿನ, 20 ಕೆಂಪು ದಾಸವಾಳ. ಎರಡು ಹಿಡಿ ಇದ್ದಿಲು, ಒಂದು ಸಣ್ಣ ಚೀಲ ಮರಳು.

‘ಎಲ್ಲರೂ ತನ್ನಿ’ ಅನ್ನದೆ ‘ಇಡೀ ಶಾಲೆಗೆ 16 ಬಾಟಲಿ ಬೇಕು’ ಅಂತ ಬರೆದಾಗ ಮನೆಯವರಿಗೆ ಉಸಿರಾಡಲು ಜಾಗ ಸಿಗುತ್ತದೆ. ತಾವು ಕೊಡದಿದ್ದರೂ ನಡೆಯುತ್ತದೆ ಅಂತ ಗೊತ್ತಾಗುತ್ತದೆ. ಖಾಲಿ ಬಾಟಲಿ, ಪೇಪರನ್ನು ಗುಜರಿಗೆ ಹಾಕಿ ನಾಲ್ಕು ಕಾಸು ಮಾಡುವ ಮನೆಗಳೂ ಇವೆ. ಅವರಿಗೆ ಇದು ‘ಸುಮ್ಮನೆ ಬಿದ್ದಿರುವ’ ವಸ್ತು ಅಲ್ಲ ಅನ್ನೋದು ನೆನಪಿರಲಿ.

ಬೇಡದ್ದನ್ನೂ ಬರೆಯಲೇಬೇಕು. ಕೀಟನಾಶಕ, ಕಳೆನಾಶಕದ ಡಬ್ಬ ಎಷ್ಟೇ ತೊಳೆದಿದ್ದರೂ ಬೇಡ. ಬಳಸಿದ ಸಿರಿಂಜ್ ಬೇಡ. ಗಾಜು ಬೇಡ. ಸಿಎಫ್‌ಎಲ್ ಬಲ್ಬು, ಸೋರುವ ಸೆಲ್ಲು ಬೇಡ. ಸಿರಿಂಜ್ ಜೆಸಿಬಿ ಮಾದರಿ ಮಕ್ಕಳಿಗೆ ಬಹಳ ಇಷ್ಟ. ಆದರೆ ಸಿರಿಂಜ್ ತನ್ನಿ ಅಂತ ಮಕ್ಕಳಿಗೆ ಹೇಳಿದರೆ ಕೆಲವರು ಆಸ್ಪತ್ರೆಯ ಹಿಂದಿನ ಕಸದಿಂದ ಆರಿಸಿ ತರುತ್ತಾರೆ. ಎಂಟು ಹೊಸ ಸಿರಿಂಜನ್ನು, ಸೂಜಿ ತೆಗೆಸಿ, ಶಾಲೆಯೇ ಕೊಳ್ಳಬೇಕು.

ಜನ ಬೇಕು ಅಂದರೆ ಗಂಟೆ ಲೆಕ್ಕದಲ್ಲಿ ಕೇಳಿ

‘ಸಹಾಯಕ್ಕೆ ಬನ್ನಿ’ ಅಂದರೆ ಯಾರೂ ಬರುವುದಿಲ್ಲ. ಎಷ್ಟು ಹೊತ್ತು, ಏನು ಕೆಲಸ ಅಂತ ಗೊತ್ತಿಲ್ಲದೆ ಕೂಲಿ ಬಿಡಲು ಯಾರಿಂದಲೂ ಆಗದು. ಈ ಶಾಲೆಗೆ ಬೇಕಾದವರು 12 ಜನ. ಹಿಂದಿನ ದಿನ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಬೆಂಚು, ಬೋರ್ಡು ಜೋಡಿಸಲು ನಾಲ್ವರು. ಮೇಳದ ದಿನ ಒಂಬತ್ತರಿಂದ ಹನ್ನೊಂದರವರೆಗೆ ನಾಲ್ವರು. ಹನ್ನೊಂದರಿಂದ ಒಂದರವರೆಗೆ ನಾಲ್ವರು. ಎರಡು ಗಂಟೆಗಿಂತ ಹೆಚ್ಚು ಯಾರನ್ನೂ ಹಿಡಿಯುವುದಿಲ್ಲ ಅಂದರೆ ಬೆಳಗಿನ ಹಾಲು ಹಾಕಿ ಬರುವವರು, ಮಧ್ಯಾಹ್ನ ಅಂಗಡಿ ತೆರೆಯುವವರು ಒಪ್ಪಿಕೊಳ್ಳುತ್ತಾರೆ.

ಬರಲಾಗದವರಿಗೂ ಒಂದು ಬಾಗಿಲು ತೆರೆದಿಡಬಹುದು. ಪೇಪರ್ ಪಟ್ಟಿ ಕತ್ತರಿಸುವುದು, ಹಳೇ ಸೀರೆಯನ್ನು ಬೆಂಚಿನ ಹೊದಿಕೆಯಾಗಿ ಹೊಲಿಯುವುದು ರಾತ್ರಿ ಊಟ ಆದಮೇಲೆ ಮನೆಯಲ್ಲೇ ಆಗುವ ಕೆಲಸ. ಇನ್ನು, ಟೈಲರ್, ಎಲೆಕ್ಟ್ರಿಷಿಯನ್, ಪಂಪ್‌ಸೆಟ್ ರಿಪೇರಿ ಮಾಡುವವರು ತಮ್ಮ ಕೆಲಸದ ಬಗ್ಗೆ ಮಕ್ಕಳಿಗೆ ಹತ್ತು ನಿಮಿಷ ಹೇಳಬಹುದು. ಬೋರ್‌ವೆಲ್ ಮೋಟರ್ ಏಕೆ ಸುಡುತ್ತದೆ ಅಂತ ಮೆಕ್ಯಾನಿಕ್ ಅಪ್ಪ ಹೇಳುವುದಕ್ಕಿಂತ ಒಳ್ಳೆ ಪಾಠ ಬೇಕೆ?

ದಿನ ಆರಿಸುವಾಗ ಊರಿನ ಸಂತೆ ದಿನವನ್ನು ತಪ್ಪಿಸಬೇಕು. ಅವತ್ತು ತರಕಾರಿ ಮಾರುವವರೂ ಬರಲಾರರು, ವ್ಯಾಪಾರಿಗಳೂ ಬರಲಾರರು. 2026ರ ಫೆಬ್ರವರಿ 28 ಶನಿವಾರ. ಶನಿವಾರ ಸಂತೆ ನಡೆಯುವ ಊರಿನಲ್ಲಿ ಮೇಳವನ್ನು ಒಂದು ದಿನ ಮುಂಚೆ ಇಟ್ಟುಕೊಂಡರೆ ವಿಜ್ಞಾನಕ್ಕೇನೂ ಕಡಿಮೆ ಆಗದು.

ಚೀಟಿ ಹೀಗಿರಬಹುದು

ಮೇಲಿನ ಲೆಕ್ಕದ ಮೇಲೆ ಬರೆದ ಚೀಟಿಯ ಮಾದರಿ ಇಲ್ಲಿದೆ. ಮೇಳಕ್ಕೆ ಸುಮಾರು ಮೂರು ವಾರ ಮೊದಲು, ತಿಂಗಳ ಕೊನೆಯ ಕಷ್ಟದ ದಿನಗಳು ಬರುವುದಕ್ಕೆ ಮುಂಚೆ, ಇದು ಮನೆ ತಲುಪಬೇಕು.

> ದಿನಾಂಕ: 9 ಫೆಬ್ರವರಿ 2026
>
> ಪೋಷಕರಿಗೆ ನಮಸ್ಕಾರ.
>
> ಫೆಬ್ರವರಿ 28, ಶನಿವಾರ ಬೆಳಿಗ್ಗೆ 9:30ರಿಂದ 12:30ರವರೆಗೆ ನಮ್ಮ ಶಾಲೆಯಲ್ಲಿ ವಿಜ್ಞಾನ ಮೇಳ ಇದೆ. 6, 7, 8ನೇ ತರಗತಿಯ ಎಲ್ಲ ಮಕ್ಕಳೂ ಭಾಗವಹಿಸುತ್ತಾರೆ.
>
> ಇದಕ್ಕಾಗಿ ನೀವು ಏನನ್ನೂ ಅಂಗಡಿಯಿಂದ ಕೊಳ್ಳಬೇಕಾಗಿಲ್ಲ. ದುಡ್ಡನ್ನೂ ಕಳಿಸಬೇಡಿ. ಚಾರ್ಟ್, ಗಮ್, ಪೆನ್, ತಂತಿ ಎಲ್ಲವನ್ನೂ ಶಾಲೆಯೇ ಕೊಡುತ್ತದೆ. ಬಟ್ಟೆ ದಿನನಿತ್ಯದ ಯೂನಿಫಾರ್ಮ್ ಸಾಕು.
>
> ಮನೆಯಲ್ಲಿ ಬೇಡವಾದದ್ದು ಇದ್ದರೆ ಕೆಳಗಿನವು ನಮಗೆ ಉಪಯೋಗಕ್ಕೆ ಬರುತ್ತವೆ. ಇದು ಇಡೀ ಶಾಲೆಗೆ ಬೇಕಾದ ಲೆಕ್ಕ, ಒಂದು ಮನೆಗಲ್ಲ: ಒಂದು ಲೀಟರಿನ ಖಾಲಿ ನೀರಿನ ಬಾಟಲಿ 16, ಬಾಟಲಿ ಮುಚ್ಚಳ 50, ಹಳೇ ಪೇಪರ್ ಹಾಳೆ 30, ಚಪ್ಪಲಿ ಡಬ್ಬ 4, ನಿಂಬೆ ಗಾತ್ರದ ಹುಣಸೆಹಣ್ಣಿನ ಉಂಡೆ 4, ಅರಿಶಿನ 2 ಚಮಚ, ಇದ್ದಿಲು 2 ಹಿಡಿ, ಮರಳು 1 ಸಣ್ಣ ಚೀಲ. ಕೆಂಪು ದಾಸವಾಳ 20 ಬೇಕು, ಅದನ್ನು 27ನೇ ತಾರೀಕು ತಂದರೆ ಸಾಕು.
>
> ದಯವಿಟ್ಟು ಔಷಧಿ ಹೊಡೆಯುವ ಡಬ್ಬ, ಗಾಜು, ಬಳಸಿದ ಸಿರಿಂಜ್, ಬಲ್ಬು, ಸೆಲ್ಲು ಕಳಿಸಬೇಡಿ.
>
> 18ರಿಂದ 20ನೇ ತಾರೀಕಿನವರೆಗೆ ಶಾಲೆಯ ಬಾಗಿಲ ಹತ್ತಿರ ಒಂದು ದೊಡ್ಡ ಡಬ್ಬ ಇರುತ್ತದೆ. ಅದರಲ್ಲಿ ಹಾಕಿದರೆ ಆಯಿತು. ಯಾರು ತಂದರು ಅಂತ ಹೆಸರು ಬರೆದುಕೊಳ್ಳುವುದಿಲ್ಲ. ಸಾಮಾನು ತಂದದ್ದಕ್ಕೂ ತರದಿದ್ದಕ್ಕೂ ಮಕ್ಕಳ ಅಂಕಕ್ಕೂ ಸಂಬಂಧ ಇಲ್ಲ.
>
> ಜೋಡಿಸಲು, ನೋಡಿಕೊಳ್ಳಲು 12 ಜನರ ಸಹಾಯ ಬೇಕು. ಒಬ್ಬರಿಗೆ ಹೆಚ್ಚೆಂದರೆ ಎರಡು ಗಂಟೆ. ಅಜ್ಜ, ಅಜ್ಜಿ, ಅಣ್ಣ, ಅಕ್ಕ ಯಾರು ಬಂದರೂ ಸರಿ. ಕೆಲಸ ಬಿಟ್ಟು ಬರಬೇಕಾದರೆ ಬರಬೇಡಿ, ನಾವು ತಪ್ಪು ತಿಳಿಯುವುದಿಲ್ಲ.
>
> ಕೆಳಗಿನ ಚೀಟಿಯಲ್ಲಿ ಒಂದಕ್ಕೆ ಗುರುತು ಹಾಕಿ 13ನೇ ತಾರೀಕಿನೊಳಗೆ ಮಗುವಿನ ಕೈಯಲ್ಲಿ ಕಳಿಸಿ. ಬರೆಯಲು ಆಗದಿದ್ದರೆ ಮಗುವಿನ ಹತ್ತಿರ ಹೇಳಿ ಕಳಿಸಿದರೂ ಆಗುತ್ತದೆ.
>
> ಇಂತಿ,
> ಮುಖ್ಯ ಶಿಕ್ಷಕರು
>
> ✂ ಮಗುವಿನ ಹೆಸರು, ತರಗತಿ: \_\_\_\_\_\_
> ( ) 27ನೇ ತಾರೀಕು ಸಂಜೆ 4:30ರಿಂದ 6 ಬರುತ್ತೇವೆ
> ( ) 28ನೇ ತಾರೀಕು ಬೆಳಿಗ್ಗೆ 9ರಿಂದ 11 ಬರುತ್ತೇವೆ
> ( ) 28ನೇ ತಾರೀಕು 11ರಿಂದ 1 ಬರುತ್ತೇವೆ
> ( ) ಮನೆಯಲ್ಲೇ ಮಾಡುವ ಕೆಲಸ ಕೊಡಿ
> ( ) ಚೀಟಿ ಓದಿದ್ದೇವೆ, ಈ ಸಲ ಆಗುವುದಿಲ್ಲ

ಕೊನೆಯ ಸಾಲು ಬಹಳ ಮುಖ್ಯ. ‘ಆಗುವುದಿಲ್ಲ’ ಅನ್ನುವುದಕ್ಕೂ ಒಂದು ಜಾಗ ಅಚ್ಚಾಗಿ ಬಂದಿದ್ದರೆ ಕಾರಣ ಹೇಳುವ ಕಷ್ಟ ತಪ್ಪುತ್ತದೆ. ಎಲ್ಲ ಮಕ್ಕಳೂ ಚೀಟಿ ವಾಪಸ್ ಕೊಡುತ್ತಾರೆ, ಯಾರದ್ದು ಯಾವುದಕ್ಕೆ ಗುರುತು ಅಂತ ಪಕ್ಕದವರಿಗೆ ತಿಳಿಯುವುದಿಲ್ಲ. ‘ಬಡವರಿಗೆ ವಿನಾಯಿತಿ’, ‘ಕಷ್ಟ ಇದ್ದವರು ಬಂದು ತಿಳಿಸಿ’ ಅನ್ನುವಂಥ ಮಾತು ಎಲ್ಲೂ ಬರಬಾರದು. ಒಳ್ಳೆ ಮನಸ್ಸಿನಿಂದ ಬರೆದರೂ ಅದು ಬಡತನವನ್ನು ಬಂದು ಸಾಬೀತು ಮಾಡಿ ಅಂದ ಹಾಗೆ. ಕೊಳ್ಳುವುದು ಯಾರಿಗೂ ಇಲ್ಲ ಅಂದಮೇಲೆ ವಿನಾಯಿತಿಯ ಪ್ರಶ್ನೆಯೇ ಇಲ್ಲ.

ಬಹಳ ಮನೆಗಳಲ್ಲಿ ಚೀಟಿ ಓದುವುದು ಮಗುವೇ. ಅಡುಗೆ ಮಾಡುತ್ತಿರುವ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತದೆ. ‘ತಕ್ಕದ್ದು’, ‘ಕ್ರಮವಹಿಸುವುದು’ ಅಂಥ ಆಫೀಸು ಭಾಷೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಮನೆಗೆ ಕಳಿಸುವ ಮುಂಚೆ ತರಗತಿಯಲ್ಲೇ ಒಬ್ಬ ಮಗುವಿನಿಂದ ಓದಿಸಿ ನೋಡಿದರೆ ಎಲ್ಲಿ ತಡವರಿಸುತ್ತದೆ ಅಂತ ಗೊತ್ತಾಗುತ್ತದೆ. ಆ ಸಾಲನ್ನು ಬದಲಿಸಿದರಾಯಿತು. ತರಗತಿಯ ವಾಟ್ಸ್‌ಆಪ್ ಗ್ರೂಪ್ ಇದ್ದರೆ ಟೀಚರ್ ಇದನ್ನೇ ಒಂದು ನಿಮಿಷದ ಧ್ವನಿ ಸಂದೇಶವಾಗಿಯೂ ಹಾಕಬಹುದು. ಆದರೆ ‘ಯಾರು ಯಾರು ಬರ್ತೀರಿ ಇಲ್ಲೇ ಹೇಳಿ’ ಅಂತ ಗ್ರೂಪಿನಲ್ಲಿ ಕೇಳಬಾರದು. ಅಲ್ಲಿ ಸುಮ್ಮನಿದ್ದವರ ಹೆಸರೂ ಎದ್ದು ಕಾಣುತ್ತದೆ.

ಚೀಟಿ ಸರಿಹೋಗಿಲ್ಲ ಅಂತ ತಿಳಿಯುವುದು ಹೇಗೆ?

ಶಾಲೆಯಲ್ಲಿ ಮೊದಲ ಸೂಚನೆ ಡಬ್ಬದಲ್ಲೇ ಸಿಗುತ್ತದೆ. ಹೊಸ ಪ್ಯಾಕೆಟ್ಟಿನ ಅರಿಶಿನ, ಸೀಲ್ ಒಡೆಯದ ನೀರಿನ ಬಾಟಲಿ ಬಿದ್ದಿದ್ದರೆ ಯಾರೋ ಚೀಟಿಯನ್ನು ‘ಕೊಂಡು ತನ್ನಿ’ ಅಂತ ಓದಿಕೊಂಡಿದ್ದಾರೆ ಅಂತ ಅರ್ಥ. ಮರುದಿನ ಪ್ರಾರ್ಥನೆ ಮುಗಿದಮೇಲೆ ಎಲ್ಲರಿಗೂ ಒಟ್ಟಿಗೆ ‘ಕೊಳ್ಳೋದು ಬೇಡ, ಮನೇಲಿ ಹೇಳಿ’ ಅಂದರೆ ಸಾಕು. ‘ಮರೆತುಬಿಟ್ಟೆ ಸಾರ್’ ಅನ್ನುವ ಮಗುವನ್ನು ಎರಡನೇ ಸಲ ಕೇಳಬಾರದು. ಮರೆತದ್ದಲ್ಲ, ಮನೆಯಲ್ಲಿ ಇಲ್ಲ ಅನ್ನುವುದಕ್ಕೂ ಮಕ್ಕಳು ಅದೇ ಮಾತು ಬಳಸುತ್ತಾರೆ. ಮೇಳದ ವಾರ ಹಾಜರಿ ಪುಸ್ತಕದಲ್ಲಿ ದಿನವೂ ಬರುವ ಮಗು ಕಾಣದಿದ್ದರೆ ಗುಂಪಿನ ಗೆಳೆಯನನ್ನು ಕಳಿಸಿ ‘ನಿನ್ನ ಜಾಗ ಹಾಗೇ ಐತೆ, ಬಾ’ ಅಂತ ಕರೆಸಬೇಕು.

16 ಬಾಟಲಿ ಕೇಳಿದ್ದಲ್ಲಿ ಒಂಬತ್ತೇ ಬಂದರೆ? 20ನೇ ತಾರೀಕಿನ ನಂತರವೂ ಒಂದು ವಾರ ಕೈಯಲ್ಲಿದೆ. ಆಗ ಮತ್ತೊಂದು ಚೀಟಿ ಕಳಿಸದೆ, ಉಳಿದ ಏಳನ್ನು ಹೋಟೆಲ್‌ನಿಂದಲೋ ಮದುವೆ ಮನೆಯಿಂದಲೋ ತರಿಸಿಕೊಳ್ಳಬಹುದು.

ಅಂಗಡಿಯವರ ಪಾಲು

12 ಮಾದರಿಗೆ ಹಿಂಬದಿಯ ಬೋರ್ಡಾಗಿ 12 ದೊಡ್ಡ ರಟ್ಟಿನ ಡಬ್ಬ ಬೇಕು. ರಟ್ಟಿಗೂ ಗುಜರಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ರೇಟಿದೆ, ಅಂಗಡಿಯವರು ಅದನ್ನು ಕಟ್ಟಿಟ್ಟು ಮಾರುತ್ತಾರೆ. ಒಬ್ಬರನ್ನೇ 12 ಕೇಳಿದರೆ ಅವರ ಕಾಸನ್ನೇ ಕೇಳಿದ ಹಾಗಾಯಿತು. ಆರು ಅಂಗಡಿಗೆ ಎರಡೆರಡು ಅಂತ ಕೇಳಿ, ಮಾಲು ಇಳಿಯುವ ದಿನ ಮೇಷ್ಟ್ರೇ ಹೋಗಿ ತಂದರೆ ಯಾರಿಗೂ ಹೊರೆಯಲ್ಲ. ಮಕ್ಕಳನ್ನು ಅಂಗಡಿ ಅಂಗಡಿಗೆ ಕೇಳಲು ಕಳಿಸಬಾರದು. ಟೈಲರ್ ಹತ್ತಿರ ಬಟ್ಟೆ ತುಂಡು, ಸೈಕಲ್ ಶಾಪಿನಲ್ಲಿ ಹಳೇ ಟ್ಯೂಬು, ಪ್ಲಂಬರ್ ಹತ್ತಿರ ಪೈಪಿನ ತುಂಡು ಸಿಗುತ್ತದೆ. ಕೇಳುವಾಗ ಎಷ್ಟು ಬೇಕು, ಯಾವತ್ತು ಬರುತ್ತೇವೆ ಅಂತ ಹೇಳಿದರೆ ಅವರೂ ಎತ್ತಿಡುತ್ತಾರೆ. ಮೇಳದ ದಿನ ಕೊಟ್ಟವರೆಲ್ಲರ ಅಂಗಡಿ ಹೆಸರನ್ನು ಒಂದೇ ಹಾಳೆಯಲ್ಲಿ, ಏನು ಕೊಟ್ಟರು ಎಷ್ಟು ಕೊಟ್ಟರು ಅಂತ ಬರೆಯದೆ ಹಾಕಬಹುದು.

ಸ್ಟೇಷನರಿ ಅಂಗಡಿಯವರಿಗೆ ಇನ್ನೊಂದು ವಿಷಯ ಮೊದಲೇ ಗೊತ್ತಾಗುತ್ತದೆ. ಒಂದೇ ಶಾಲೆಯ ನಾಲ್ಕೈದು ಮಕ್ಕಳು ಒಂದೇ ಸಂಜೆ ಅದೇ ಪಟ್ಟಿ ಹಿಡಿದು ಬಂದರೆ, ಅದರಲ್ಲಿ ಇಬ್ಬರು ಉದ್ರಿ ಹೇಳಿದರೆ, ಶಾಲೆಗೆ ಒಂದು ಫೋನ್ ಮಾಡಬಹುದು: ‘ಸಾರ್, ನಿಮ್ಮ ಮಕ್ಕಳು ಸ್ಕೆಚ್ ಪೆನ್ನಿಗೆ ಬಂದವ್ರೆ, ಎಲ್ಲರಿಗೂ ಬೇಕಾ?’ ಮೇಷ್ಟ್ರಿಗೆ ಚೀಟಿ ತಪ್ಪಾಗಿ ತಲುಪಿದೆ ಅಂತ ತಿಳಿಯುತ್ತದೆ. ಅಂಗಡಿಯವರಿಗೆ ಅವತ್ತು ನಾಲ್ಕು ಪ್ಯಾಕೆಟ್ ವ್ಯಾಪಾರ ಕಡಿಮೆ ಆಗಬಹುದು. ಆದರೆ ಶಾಲೆ ಒಟ್ಟಿಗೆ ಕೊಳ್ಳುವ 600 ರೂಪಾಯಿಯ ಬಿಲ್ಲು ಊರಿನ ಅಂಗಡಿಗಳಿಗೇ ಬರುತ್ತದೆ. ಅದೂ ಉದ್ರಿ ಪುಸ್ತಕದಲ್ಲಲ್ಲ, ಕೈಗೆ.